ಬಾಲ ಕತ್ತರಿಸಿದ ವಾಕ್ಯಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮಂಜುಗಡ್ಡೆ ನೀರಿನ ಮೇಲೆ ಏಕೆ ತೇಲುತ್ತದೆ ಎಂಬ ನಿನ್ನ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಮಂಜುಗಡ್ಡೆಗಾಗಿ ಓದಿದೆ. ಎರಡನೆಯ ಸಲ ಕೈಯಲ್ಲಿ ಪೆನ್ಸಿಲ್ ಹಿಡಿದು, ತೆಗೆದರೂ ಅರ್ಥ ಕೆಡದ ಮಾತುಗಳ ಕೆಳಗೆ ಗೆರೆ ಎಳೆಯುತ್ತಾ ಓದಿದೆ. ಹಾಳೆಯ ಅಂಚಿನಲ್ಲಿ ಜಾಗ ಸಾಲದೆ ಈ ಪತ್ರ ಬರೆಯುತ್ತಿದ್ದೇನೆ.

ನಿನ್ನ ಎರಡನೆಯ ಪ್ಯಾರಾದ ವಾಕ್ಯ ಹೀಗಿದೆ: "ಇಲ್ಲಿ ಗಮನಿಸಬೇಕಾದ ಬಹುಮುಖ್ಯ ಅಂಶವೆಂದರೆ, ನೀರು ಹೆಪ್ಪುಗಟ್ಟಿದಾಗ ಸಾಮಾನ್ಯವಾಗಿ ಅದರ ಗಾತ್ರ ಒಂದು ರೀತಿಯಲ್ಲಿ ಹಿಗ್ಗುತ್ತದೆ ಎಂದು ಹೇಳಿದರೆ ತಪ್ಪಾಗಲಾರದು." ಒಟ್ಟು 15 ಪದ. ಅವುಗಳಲ್ಲಿ ನೀರಿನ ವಿಷಯ ಹೇಳುವವು ಐದೇ: ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಹಿಗ್ಗುತ್ತದೆ. ಉಳಿದ ಹತ್ತು ನಿನ್ನ ವಿಷಯ ಹೇಳುತ್ತವೆ, ನೀನು ಹಿಂಜರಿಯುತ್ತಿದ್ದೀ ಎಂದು. ಆ ಹತ್ತನ್ನು ತೆಗೆದ ಮೇಲೆ ಉಳಿದ ಜಾಗದಲ್ಲಿ ಓದುಗನಿಗೆ ಬೇಕಾದುದನ್ನು ಕೊಡಬಹುದು: "ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ." ಇಲ್ಲಿಯೂ "ಸುಮಾರು" ಇದೆಯಲ್ಲ ಎನ್ನುತ್ತೀಯ. ಇದೆ, ಇರಲಿ. ಅದು ಅಳತೆಯ ನಿಖರತೆಯನ್ನು ಹೇಳುತ್ತಿದೆ. "ಒಂದು ರೀತಿಯಲ್ಲಿ" ಏನನ್ನು ಹೇಳುತ್ತಿತ್ತು? ಯಾವ ರೀತಿಯಲ್ಲಿ ಎಂದು ಕೇಳಿದರೆ ನಿನ್ನ ಬಳಿ ಉತ್ತರವಿಲ್ಲ.

ನಮ್ಮ ಭಾಷೆಯಲ್ಲಿ ಈ ರೋಗ ವಿಶೇಷವಾಗಿ ವಾಕ್ಯದ ಬಾಲಕ್ಕೆ ಅಂಟುತ್ತದೆ. ಕನ್ನಡದ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ವಾಕ್ಯದ ತೀರ್ಪು ಅಲ್ಲಿದೆ. ಓದುಗ ಅದಕ್ಕಾಗಿಯೇ ಕಾದು ಕುಳಿತಿರುತ್ತಾನೆ. "ಹಿಗ್ಗುತ್ತದೆ" ಎಂದು ಕೇಳಿದ ಕೂಡಲೇ ಅವನಿಗೆ ಬೇಕಾದುದು ಸಿಕ್ಕಿತು. ನೀನು ಅದರ ಬೆನ್ನಿಗೆ "ಎಂದು ಹೇಳಬಹುದಾಗಿದೆ", "ಎಂದರೆ ಅತಿಶಯೋಕ್ತಿಯಾಗಲಾರದು", "ಎಂಬುದನ್ನು ನಾವು ಕಾಣಬಹುದಾಗಿದೆ" ಎಂದು ಸೇರಿಸುತ್ತಾ ಹೋದರೆ ಕೊಟ್ಟ ತೀರ್ಪನ್ನು ನೀನೇ ಮರಳಿ ಕಿತ್ತುಕೊಂಡಂತೆ. ಇನ್ನೊಂದು ತಮಾಷೆ ನೋಡು. ಸಂದೇಹವನ್ನು ಹೇಳಲು ನಮಗೆ "ಇರಬಹುದು" ಎಂಬ ಒಂದೇ ರೂಪ ಸಾಕು. ನೀನು ಆರನೆಯ ಪ್ಯಾರಾದಲ್ಲಿ "ಬಹುಶಃ ಇದೇ ಕಾರಣವಿರಬಹುದೇನೋ ಎಂದೆನಿಸುತ್ತದೆ" ಎಂದು ಬರೆದಿದ್ದೀ. ಒಂದು ಸಂದೇಹಕ್ಕೆ ನಾಲ್ಕು ಕೊಡೆ.

"ಸಾಮಾನ್ಯವಾಗಿ" ಎಂಬ ಪದವನ್ನು ನಾನು ಎಲ್ಲ ಕಡೆಯೂ ಹೊಡೆದುಹಾಕಿಲ್ಲ. ಅದು ಕಂಡಲ್ಲೆಲ್ಲ ಒಂದು ಪ್ರಶ್ನೆ ಕೇಳಿಕೊಂಡೆ: ಹಾಗಾದರೆ ಅಪವಾದ ಯಾವುದು? ಹೆಪ್ಪುಗಟ್ಟಿದ ನೀರು ಹಿಗ್ಗದೆ ಇರುವ ಉದಾಹರಣೆಯನ್ನು ನೀನು ಲೇಖನದಲ್ಲಿ ಎಲ್ಲಿಯೂ ಕೊಟ್ಟಿಲ್ಲ. ಒತ್ತಡ ವಿಪರೀತವಾದಾಗ ಬೇರೆ ಬಗೆಯ ಮಂಜುಗಡ್ಡೆ ಉಂಟಾಗುವುದು ನಿಜ, ಆದರೆ ನೀನು ಬರೆಯುತ್ತಿರುವುದು ಕೆರೆಯ ಮೇಲಿನ ಮಂಜುಗಡ್ಡೆಯ ಬಗ್ಗೆ. ಆದ್ದರಿಂದ ಅಲ್ಲಿ ತೆಗೆದೆ. "ನೀರು ಸಾಮಾನ್ಯವಾಗಿ 0 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ" ಎಂಬ ವಾಕ್ಯದಲ್ಲಿ ಮಾತ್ರ ಆ ಪದದ ಹಿಂದೆ ನಿಜವಾದ ಅಪವಾದ ಅಡಗಿದೆ: ಸಮುದ್ರದ ನೀರು ಹೆಪ್ಪುಗಟ್ಟಲು ಸುಮಾರು ಮೈನಸ್ 2 ಡಿಗ್ರಿ ಬೇಕು, ಅದರಲ್ಲಿ ಉಪ್ಪಿದೆ. ಹಾಗಿದ್ದರೆ ಅದನ್ನೇ ಬರೆ: "ಉಪ್ಪಿಲ್ಲದ ನೀರು 0 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ." ಈಗ ಓದುಗನಿಗೆ ಮಿತಿ ಎಲ್ಲಿದೆ ಎಂದು ಗೊತ್ತಾಯಿತು. ಮೊದಲು ಅವನಿಗೆ ಎಲ್ಲೋ ಒಂದು ಮಿತಿ ಇದೆ ಎಂಬ ಗುಮಾನಿಯಷ್ಟೇ ಸಿಕ್ಕಿತ್ತು.

"ಗಮನಿಸಬೇಕಾದ ಅಂಶ"ದ ಕಥೆ ಬೇರೆ. ಅದನ್ನು ಬರೇ ಅಳಿಸಿದರೆ ಕೆಲಸ ಮುಗಿಯುವುದಿಲ್ಲ. ಬರೆಯುವವನಿಗೆ ಇದು ಮುಖ್ಯ ಎಂದು ಹೊಳೆದಿದೆ, ಆದರೆ ಹೊಳೆಯುವ ಹೊತ್ತಿಗೆ ತಡವಾಗಿದೆ, ಆಗ ಆ ಮಾತು ಬರುತ್ತದೆ. ನಿನ್ನ ಎಂಟನೆಯ ಪ್ಯಾರಾದಲ್ಲಿ ನೀರು ಅತಿ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಿ ಎಂಬ ವಿಷಯ ಬರುತ್ತದೆ, ಈ ಡಂಗುರದೊಂದಿಗೆ. ಆದರೆ ಕೆರೆ ಮೇಲಿನಿಂದ ಹೆಪ್ಪುಗಟ್ಟುತ್ತದೆ ಎಂದು ನೀನು ನಾಲ್ಕನೆಯ ಪ್ಯಾರಾದಲ್ಲಿಯೇ ಹೇಳಿ ಮುಗಿಸಿದ್ದೀ. 4 ಡಿಗ್ರಿಯ ನೀರು ಭಾರವಾಗಿ ತಳಕ್ಕಿಳಿಯುತ್ತದೆ, ಅದಕ್ಕಿಂತ ತಣ್ಣಗಾದದ್ದು ಹಗುರಾಗಿ ಮೇಲೆ ಉಳಿಯುತ್ತದೆ ಎಂದು ತಿಳಿಯದೆ ಓದುಗ ಆ ಮಾತನ್ನು ನಂಬುವುದಾದರೂ ಹೇಗೆ? ಆ ವಾಕ್ಯವನ್ನು ಎತ್ತಿ ಕೆರೆಯ ಮುಂಚೆ ಇಡು. ಸರಿಯಾದ ಜಾಗದಲ್ಲಿ ಕುಳಿತ ಮೇಲೆ ಅದು ಮುಖ್ಯ ಎಂದು ಯಾರಿಗೂ ಹೇಳಬೇಕಾಗುವುದಿಲ್ಲ. ಜಾಗ ಬದಲಿಸಿದಾಗ ಬೆಸುಗೆ ಬಿಡಬಹುದು, "ಆದ್ದರಿಂದ" ಎಂಬ ಒಂದು ಪದದಿಂದ ಸರಿಯಾಗುತ್ತದೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ, ನೀನು ಕತ್ತರಿಯನ್ನು ನನ್ನಷ್ಟು ಹುಮ್ಮಸ್ಸಿನಿಂದ ಹಿಡಿಯದಿರಲಿ ಎಂದು. ಕೆಲವು ವರ್ಷಗಳ ಹಿಂದೆ ನನ್ನ ಒಂದು ಲೇಖನದಿಂದ ಕಂಡ ಕಂಡ "ಬಹುದು"ಗಳನ್ನೆಲ್ಲ ಕಿತ್ತುಹಾಕಿದೆ. ಗದ್ಯ ಚುರುಕಾಯಿತು, ಖುಷಿಯೂ ಆಯಿತು. ಅಚ್ಚಾದ ಮೇಲೆ ಓದುಗರೊಬ್ಬರು ಬರೆದರು: ಬಿಸಿನೀರು ತಣ್ಣೀರಿಗಿಂತ ಬೇಗ ಹೆಪ್ಪುಗಟ್ಟುತ್ತದೆ ಎಂದಿದ್ದೀರಿ, ಯಾರು ತೋರಿಸಿದ್ದಾರೆ? ನಾನು ಮೊದಲು "ಹೆಪ್ಪುಗಟ್ಟಬಹುದು" ಎಂದು ಬರೆದಿದ್ದೆ. ಕಿತ್ತದ್ದು ಮೂರು ಅಕ್ಷರ, ಬದಲಾದದ್ದು ಭೌತಶಾಸ್ತ್ರ.

ನಿನ್ನ ಲೇಖನದಲ್ಲಿಯೂ ಆ ವಿಷಯವಿದೆ, ಅಲ್ಲಿನ ಸಂದೇಹ ಉಳಿಯಲೇಬೇಕು. ತಾಂಜಾನಿಯಾದ ಎರಾಸ್ಟೊ ಎಂಪೆಂಬಾ 1963ರಲ್ಲಿ ಶಾಲಾ ಹುಡುಗನಾಗಿದ್ದಾಗ ಐಸ್‌ಕ್ರೀಮ್ ಮಾಡುವಾಗ ಇದನ್ನು ಗಮನಿಸಿದ. 1969ರಲ್ಲಿ ಭೌತಶಾಸ್ತ್ರಜ್ಞ ಡೆನಿಸ್ ಆಸ್ಬೋರ್ನ್ ಜೊತೆ ಲೇಖನ ಪ್ರಕಟಿಸಿದ. 2016ರಲ್ಲಿ ಬರಿಡ್ಜ್ ಮತ್ತು ಲಿಂಡನ್ ಎಂಬ ವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದಾಗ ಬಿಸಿನೀರು 0 ಡಿಗ್ರಿಗೆ ಬೇಗ ಇಳಿಯುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಉಷ್ಣಮಾಪಕದ ಎತ್ತರ ಕೊಂಚ ಬದಲಾದರೂ ಫಲಿತಾಂಶ ತಿರುಗಿಬೀಳಬಹುದು ಎಂದು ಅವರು ತೋರಿಸಿದರು. ಇಷ್ಟು ಬರೆದರೆ ಸಂದೇಹ ತಾನಾಗಿಯೇ ಬಂತು. ನೀನು ಬರೆದದ್ದು "ಹೀಗಾಗುತ್ತದೆ ಎಂದು ಕೆಲವರು ಅಭಿಪ್ರಾಯಪಡುತ್ತಾರೆ ಎನ್ನಲಾಗುತ್ತದೆ". ಯಾವ ಕೆಲವರು? ಎನ್ನುವವರು ಯಾರು?

ಕೊನೆಗೆ ಒಂದು ಕಿರಿಕಿರಿಯ ಮಾತು. ನಾನು ಎಳೆದ ಗೆರೆಗಳು ಲೇಖನದ ತುಂಬ ಒಂದೇ ಸಮನಾಗಿ ಹರಡಿಲ್ಲ. ಐದನೆಯ ಪ್ಯಾರಾದಲ್ಲಿ ಅವು ಕಿಕ್ಕಿರಿದಿವೆ: "ಅಣುಗಳ ಒಂದು ವಿಶಿಷ್ಟ ಜೋಡಣೆಯಿಂದಾಗಿ ಒಂದು ರೀತಿಯ ಅವಕಾಶ ಉಂಟಾಗುತ್ತದೆ ಎನ್ನಬಹುದಾಗಿದೆ." ಇಲ್ಲಿ ಕತ್ತರಿಸಿ ನೋಡಿದೆ, ಏನೂ ಉಳಿಯಲಿಲ್ಲ. ನೀರು ಏಕೆ ಹಿಗ್ಗುತ್ತದೆ ಎಂಬುದನ್ನು ನೀನು ಇನ್ನೂ ಹೇಳಿಯೇ ಇಲ್ಲ. ಮಂಜುಗಡ್ಡೆಯಲ್ಲಿ ಪ್ರತಿಯೊಂದು ಅಣುವೂ ನಾಲ್ಕು ನೆರೆಯ ಅಣುಗಳ ಕೈ ಹಿಡಿದು ದೂರ ದೂರ ನಿಲ್ಲುತ್ತದೆ, ನಡುವೆ ಆರು ಮೂಲೆಯ ಪೊಳ್ಳು ಉಳಿಯುತ್ತದೆ. ಕರಗಿದಾಗ ಆ ಹಿಡಿತ ತಪ್ಪುತ್ತಾ ಮತ್ತೆ ಸಿಗುತ್ತಾ ಇರುತ್ತದೆ, ಅಣುಗಳು ಪೊಳ್ಳಿನೊಳಕ್ಕೆ ನುಗ್ಗುತ್ತವೆ. ನನ್ನ ವಾಕ್ಯಗಳನ್ನು ಬಳಸಬೇಡ, ಚಿತ್ರ ಬರೆದು ನೋಡಿಕೊಂಡು ನಿನ್ನವನ್ನು ಬರೆ. ಆ ಪ್ಯಾರಾವೊಂದನ್ನೇ ಮೊದಲು ಕಳಿಸು, ಉಳಿದದ್ದಕ್ಕೆ ಅವಸರವಿಲ್ಲ.

ನಿನ್ನ,
ಪೆನ್ಸಿಲ್ ಹಿಡಿದ ಗೆಳೆಯ