ಗುಂಡು ಮೂರು ಸಲ ಹೋಗಿ ಬಂತು

ಪ್ರೀತಿಯ ಪುಟ್ಟಿ,

ನಿನ್ನ ಕತೆ ಎರಡು ಸಲ ಓದಿದೆ. ಮೌಖಿಕ ಪರೀಕ್ಷೆಯಲ್ಲಿ ಹುಡುಗಿಯ ಬಾಯಿ ಕಟ್ಟಿಹೋಗುವವರೆಗೂ ಚೆನ್ನಾಗಿದೆ. ಆಮೇಲೆ ಮೇಷ್ಟ್ರು ಹೆಗಲ ಮೇಲೆ ಕೈಯಿಟ್ಟು "ಹೆದರಬೇಡ, ನಿನ್ನಿಂದ ಆಗುತ್ತೆ" ಅನ್ನುತ್ತಾರೆ. ಅವಳು ಹೊಳೆ ಹರಿದ ಹಾಗೆ ಮಾತಾಡುತ್ತಾಳೆ. ಅಲ್ಲಿ ನನಗೆ ನಂಬಿಕೆ ಹೋಯಿತು. ಇಷ್ಟು ವರ್ಷ ಮೇಜಿನ ಆ ಕಡೆ ಕೂತು ಪ್ರಶ್ನೆ ಕೇಳಿದವಳು ನಾನು. ಬಾಯಿ ಕಟ್ಟಿದವರಿಗೆ "ಹೆದರಬೇಡ" ಅಂದರೆ ಹೆದರಿಕೆ ಜಾಸ್ತಿಯೇ ಆಗುತ್ತದೆ. ತಾನು ಹೆದರಿದ್ದು ಎದುರಿನವರಿಗೂ ಕಾಣಿಸಿಬಿಟ್ಟಿತು ಅಂತ ಗೊತ್ತಾಗುತ್ತಲ್ಲ!

ಮೊದಲು, ಅವಳಿಗೆ ಹೀಗೆ ಯಾಕಾಯಿತು ಅನ್ನುವುದು ಕತೆಯ ಶುರುವಿನಲ್ಲೇ ಇರಲಿ. "ತುಂಬಾ ಓದಿದ್ದಳು" ಅಂತಷ್ಟೇ ಬರೆದಿದ್ದೀಯ. ಹೇಗೆ ಓದಿದ್ದಳು? ಕಣ್ಣಲ್ಲೇ ಓದಿ, ಉತ್ತರವನ್ನು ಮೊದಲ ಪದದಿಂದ ಕೊನೆಯ ಪದದವರೆಗೆ ಉರು ಹೊಡೆದಿದ್ದಳು ಅಂತಿಟ್ಟುಕೋ. ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ಪರೀಕ್ಷಕರು ನಡುವಿನಿಂದ ಕೇಳುತ್ತಾರೆ. ಉರು ಹೊಡೆದದ್ದಕ್ಕೆ ನಡುವೆ ಹಿಡಿಯಲು ಹಿಡಿಕೆ ಇರುವುದಿಲ್ಲ. ನಾನು ನೋಡಿದವರಲ್ಲಿ ಚೆನ್ನಾಗಿ ಓದಿಯೂ ಸಿಕ್ಕಿಕೊಂಡವರು ಹೆಚ್ಚಾಗಿ ಹೀಗೇ ಓದಿದವರು.

ನಿನ್ನ ಕತೆಯಲ್ಲಿ ಪ್ರಶ್ನೆ ಏನು ಅಂತಲೇ ಇಲ್ಲ. ಲೋಲಕ ಇಡು. ಸ್ಟ್ಯಾಂಡಿನಿಂದ ಒಂದು ಮೀಟರ್ ದಾರ, ತುದಿಗೆ ಲೋಹದ ಗುಂಡು. ಪರೀಕ್ಷಕರು ಗುಂಡನ್ನು ಚೂರೇ ಪಕ್ಕಕ್ಕೆ ಎಳೆದು ಬಿಟ್ಟು ಕೇಳುತ್ತಾರೆ: "ಗುಂಡು ಇನ್ನೂ ಭಾರ ಇದ್ದರೆ ಹೋಗಿ ಬರುವ ಸಮಯ ಎಷ್ಟು ಬದಲಾಗುತ್ತೆ?" ಬದಲಾಗುವುದಿಲ್ಲ, ಅದು ಅವಳಿಗೂ ಗೊತ್ತು. ಆದರೆ ಅವಳು ಉರು ಹೊಡೆದದ್ದು "ಲೋಲಕ ಎಂದರೆ..." ಅಂತ ಶುರುವಾಗುವ ಪ್ಯಾರಾ.

ಈಗ ನೀನು ಬರೆದ "ಅವಳು ಕಲ್ಲಾದಳು" ತೆಗೆದುಹಾಕು. ಆಗುವುದು ಹೀಗೆ. ಎದೆ ಹೊಡೆದುಕೊಳ್ಳುತ್ತದೆ. ಜೊಲ್ಲು ಆರಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಒಳಗೆ ಎಳೆದ ಉಸಿರು ಅಲ್ಲೇ ನಿಂತುಬಿಡುತ್ತದೆ, ಗಂಟಲು ಬಿಗಿಯುತ್ತದೆ. ಉಸಿರು ಹೊರಗೆ ಹೋಗದೆ ದನಿ ಬರುವುದಾದರೂ ಹೇಗೆ? ಉತ್ತರ ಮರೆತಿರುವುದಿಲ್ಲ. ಆದರೆ "ಇವರು ಏನಂದುಕೊಳ್ಳುತ್ತಾರೋ" ಅನ್ನುವ ಯೋಚನೆ ತಲೆಯಲ್ಲಿ ಜಾಗವೆಲ್ಲ ಹಿಡಿದು ಕೂತಿರುತ್ತದೆ.

ಗೊತ್ತಿಲ್ಲದವರು ಹೀಗಿರುವುದಿಲ್ಲ. ಅತ್ತಿತ್ತ ನೋಡುತ್ತಾರೆ, ಏನಾದರೊಂದು ಊಹೆ ಬಿಡುತ್ತಾರೆ. ಬಾಯಿ ಕಟ್ಟಿದವರು ಒಂದೇ ಕಡೆ ನೋಡುತ್ತಾ ಅಲುಗಾಡದೆ ನಿಲ್ಲುತ್ತಾರೆ. ಈ ವ್ಯತ್ಯಾಸ ತಿಳಿಯುವ ಮುಂಚೆ ನಾನೇ ಒಬ್ಬಳಿಗೆ "ಓದಿಲ್ಲ" ಅಂತ ಅಂಕ ಕಡಿಮೆ ಹಾಕಿ ಕಳಿಸಿದ್ದೇನೆ. ಬಾಗಿಲ ಆಚೆ ಹೋಗಿ ಗೆಳತಿಗೆ ಪೂರ್ತಿ ಉತ್ತರ ಹೇಳುತ್ತಿದ್ದಳು. ನನಗೆ ಕೇಳಿಸಿತು.

ಅವಳ ಮೌನ ಎಷ್ಟು ಹೊತ್ತು? ನೀನು "ಯುಗದಂತೆ" ಅಂತ ಬರೆದಿದ್ದೀಯ. ಎದುರಿಗೆ ಲೋಲಕವೇ ಇದೆಯಲ್ಲ ಮಾರಾಯ್ತಿ! ಒಂದು ಮೀಟರ್ ದಾರದ ಗುಂಡು ಹೋಗಿ ಬರಲು ಹತ್ತಿರ ಹತ್ತಿರ 2 ಸೆಕೆಂಡ್ ಬೇಕು. ಅವಳ ಕಣ್ಣು ಅದರ ಮೇಲೆ ನಿಲ್ಲಲಿ. ಹೋಯಿತು, ಬಂತು. ಹೋಯಿತು, ಬಂತು. ಮೂರು ಸಲ ಆಯಿತು. ಅಂದರೆ ಆಗಿರುವುದು ಬರೀ 6 ಸೆಕೆಂಡ್. ಪರೀಕ್ಷಕರು ಇನ್ನೂ ಅಂಕಪಟ್ಟಿಯಲ್ಲಿ ಅವಳ ನಂಬರ್ ಹುಡುಕುತ್ತಿದ್ದಾರೆ. ಎಣಿಸುವುದರಲ್ಲಿ ಅವಳ ಯೋಚನೆ ತನ್ನ ಮೇಲಿಂದ ಗುಂಡಿನ ಮೇಲೆ ಹೋಗುತ್ತದೆ, ಹಿಡಿದಿದ್ದ ಉಸಿರು ತಾನಾಗಿ ಹೊರಗೆ ಬರುತ್ತದೆ.

ಅವಳ ಮೊದಲ ಮಾತು ಉತ್ತರ ಆಗಿರಬಾರದು. "ಮೇಡಂ, ಪ್ರಶ್ನೆ ಇನ್ನೊಂದ್ಸಲ ಹೇಳ್ತೀರಾ?" ಅಂತ ಕೇಳಲಿ, ದನಿ ಕೀರಲಾಗಿಯೇ ಇರಲಿ. ಹಾಗೆ ಕೇಳಿದರೆ ನಾವು ಯಾರೂ ಬಯ್ಯುವುದಿಲ್ಲ, ಎಷ್ಟೋ ಸಲ ಇನ್ನೂ ಸುಲಭ ಮಾಡಿ ಕೇಳುತ್ತೇವೆ. "ಹೋಗ್ಲಿ, ಸಮಯ ಕಡಿಮೆ ಆಗ್ಬೇಕಂದ್ರೆ ಏನ್ ಮಾಡ್ತೀಯಾ?" ಅವಳು ದಾರ ಮುಟ್ಟಿ "ಇದನ್ನ ಗಿಡ್ಡ ಮಾಡ್ತೀನಿ" ಅನ್ನಲಿ. ಎಷ್ಟು? "ಕಾಲು ಮೀಟರ್ ಮಾಡಿದ್ರೆ ಸಮಯ ಅರ್ಧ ಆಗುತ್ತೆ. ಗುಂಡು ಎಷ್ಟೇ ಭಾರ ಇದ್ರೂ ಅಷ್ಟೇ." ಮೊದಲ ಪ್ರಶ್ನೆಗೂ ಉತ್ತರ ಬಂತು ನೋಡು. ಇದು ಉರು ಹೊಡೆದ ಪ್ಯಾರಾದ ವಾಕ್ಯ ಅಲ್ಲ, ಅವಳದೇ ಮಾತು.

ಕೊನೆಯ ಚಪ್ಪಾಳೆ ಬೇಡ, ಪೂರ್ತಿ ಅಂಕವೂ ಬೇಡ. ಪರೀಕ್ಷಕರು ಬೆರಳಿಂದ ಗುಂಡು ನಿಲ್ಲಿಸಿ ಮುಂದಿನ ನಂಬರ್ ಕರೆಯಲಿ, ಸಾಕು.

ತಿದ್ದುವ ಮುಂಚೆ ಒಂದು ದಾರಕ್ಕೆ ಬೀಗ ಕಟ್ಟಿ ತೂಗಾಡಿಸು. ಅದು ಮೂರು ಸಲ ಹೋಗಿ ಬರುವವರೆಗೆ ಉಸಿರು ಹಿಡಿದು ನಿಂತುಕೋ. ಆಮೇಲೆ ಆ ಭಾಗ ಬರೆದು ಕಳಿಸು.

ನಿನ್ನ ಚಿಕ್ಕಮ್ಮ