ಶೋದೆ ಯಾರು?

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು. ಭಾನುವಾರ ಪುಟ್ಟಿ ಫೋನಿನಲ್ಲಿ ‘ಜಗದೋದ್ಧಾರನ’ ಹಾಡಿ ಕೇಳಿಸಿದಳಲ್ಲ, ಶ್ರುತಿ ಚೆನ್ನಾಗಿ ನಿಂತಿದೆ. ಕಾಪಿ ರಾಗದ ಆ ಎಳೆತವೂ ಅವಳ ಗಂಟಲಿಗೆ ಬಂದಿದೆ. ಎಂಟು ವರ್ಷಕ್ಕೆ ಇದು ಜಾಸ್ತಿಯೇ. ಹಾಡು ಮುಗಿದ ಮೇಲೆ ನಾನು ಸುಮ್ನೆ ಒಂದು ಪ್ರಶ್ನೆ ಕೇಳಿದೆ, ನಿನಗೆ ನೆನಪಿರಬಹುದು. "ಪುಟ್ಟಿ, ಶೋದೆ ಅಂದ್ರೆ ಯಾರು?" ಅವಳು ಸ್ವಲ್ಪ ಯೋಚಿಸಿ, "ಕೃಷ್ಣನ ಫ್ರೆಂಡ್ ಇರ್ಬೇಕು ಅಜ್ಜಿ" ಅಂದಳು. ನೀನು ನಕ್ಕುಬಿಟ್ಟೆ. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ನಗು ಬರಲಿಲ್ಲ, ಯಾಕಂದರೆ ಅದೇ ಪ್ರಶ್ನೆಯನ್ನು ಯಾರೋ ನನಗೂ ಕೇಳಿದ್ದರು.

ಆಗ ನನಗೆ ಹದಿನಾಲ್ಕು ವರ್ಷ. ನಮ್ಮ ಊರಿನ ರಾಮೋತ್ಸವದಲ್ಲಿ ಇದೇ ಹಾಡು ಹಾಡಿದ್ದೆ. ಇಳಿದು ಬರುವಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೈ ಹಿಡಿದು, "ಚೆನ್ನಾಗಿ ಹಾಡಿದೆ ತಾಯಿ. ಆದರೆ ಯಶೋದೆಯನ್ನು ಅರ್ಧ ಮಾಡಿಬಿಟ್ಟೆ, ಆ ಶೋದೆ ಯಾರಮ್ಮ?" ಅಂದರು. ನನಗೆ ಅರ್ಥವೇ ಆಗಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದ ಮೇಲೆ ಮುಖ ಬಿಸಿಯಾಯಿತು.

ಅಲ್ಲಿ ಇರುವುದು ‘ಆಡಿಸಿದಳೆಶೋದೆ’. ಆಡಿಸಿದಳು ಮತ್ತು ಯಶೋದೆ, ಎರಡು ಪದ. ನಾವು ಮಾತಿನಲ್ಲಿ ಯಜಮಾನರನ್ನು ಎಜಮಾನ್ರು ಅನ್ನುತ್ತೇವಲ್ಲ, ಹಾಗೆ ಯಶೋದೆ ಎಶೋದೆ ಆಗಿದ್ದಾಳೆ. ಆಡಿಸಿದಳು ಎಂಬುದರ ಕೊನೆಯ ಉಕಾರ ಬಿದ್ದುಹೋಗಿ ಆ ಜಾಗಕ್ಕೆ ಎಕಾರ ಬಂದು ಕೂತಿದೆ. ನಿನ್ನ ಹೈಸ್ಕೂಲಿನ ಲೋಪಸಂಧಿಯೇ ಇದು. ಹಾಡುವವರು ‘ಆಡಿಸಿದಳೆ’ ಎಂದು ಎಳೆದು, ಉಸಿರು ತೆಗೆದುಕೊಂಡು, ‘ಶೋದೆ’ ಎಂದು ಶುರು ಮಾಡುತ್ತಾರೆ. ಅಲ್ಲಿಗೆ ತಾಯಿಯ ಹೆಸರಿನ ತಲೆ ಹಿಂದಿನ ಪದಕ್ಕೆ ಹೋಯಿತು, ಬಾಲ ಮಾತ್ರ ಉಳಿಯಿತು. ಕನ್ನಡ ಬಾರದವರು ಹೀಗೆ ಹಾಡಿದರೆ ಬೇಜಾರಿಲ್ಲ. ಮನೆಯಲ್ಲಿ ಕನ್ನಡವನ್ನೇ ಮಾತಾಡುವ ನಮ್ಮ ಪುಟ್ಟಿ ಹಾಡಿದರೆ ಬೇಜಾರು.

ಈಗ ಅವಳಿಗೆ ಏನು ಹೇಳಿಕೊಡಬೇಕು ಅಂತ ಬರೆಯುತ್ತೇನೆ. ನನ್ನ ಕ್ಲಾಸಿಗೆ ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರಿಗೂ ಇದನ್ನೇ ಹೇಳುತ್ತೇನೆ. ಅವರ ಹಾಗೆ ನೀನೂ "ಅರ್ಥ ಆಮೇಲೆ ಆಗತ್ತೆ ಬಿಡಮ್ಮ, ಮೊದಲು ಹಾಡು ಬರ್ಲಿ" ಅನ್ನಬೇಡ. ಉಸಿರು ಎಲ್ಲಿ ತೆಗೆಯಬೇಕು ಅನ್ನುವುದು ಹಾಡಿನ ಜೊತೆಗೇ ಗಂಟಲಿನಲ್ಲಿ ಕೂರುತ್ತದೆ. ಒಂದು ಸಲ ಕೂತರೆ ಏಳಿಸುವುದು ಕಷ್ಟ. ನನಗೆ ಆ ‘ಶೋದೆ’ ಬಿಡಲು ಆರು ತಿಂಗಳು ಬೇಕಾಯಿತು.

ಮೊದಲು ಸ್ವರ, ತಾಳ ಎಲ್ಲ ಬಿಟ್ಟು ಹಾಡನ್ನು ಒಂದು ಹಾಳೆಯಲ್ಲಿ ಕಥೆಯ ಹಾಗೆ ಬರೆಸು. ಆಮೇಲೆ ರಾಗವಿಲ್ಲದೆ ಬರೀ ಮಾತಿನಲ್ಲಿ ಹೇಳಿಸು. ಬರೀ ಧಾಟಿ ಕಲಿತ ಮಗು ಇಲ್ಲೇ ಸಿಕ್ಕಿಬೀಳುತ್ತದೆ. ಹಾಡಿದರೆ ಸರಾಗ, ಹೇಳು ಅಂದರೆ ಎರಡನೇ ಸಾಲಿಗೇ ತಡವರಿಸುತ್ತದೆ. ಹೇಳಲು ಬಂದ ಮೇಲೆ ಕೇಳು: ಆಡಿಸಿದ್ದು ಯಾರು? ಯಾರನ್ನು? ‘ಜಗದೋದ್ಧಾರನ’ ಅಂದರೆ ಜಗತ್ತನ್ನು ಉದ್ಧಾರ ಮಾಡುವವನ ಏನೋ ಒಂದು ವಸ್ತು ಅಂತ ಮಕ್ಕಳು ತಿಳಿಯುತ್ತಾರೆ. ಅವನ ಚೆಂಡು, ಅವನ ಕೊಳಲು ಅನ್ನುವ ಹಾಗೆ. ಇಲ್ಲಿ ಅದು ‘ಉದ್ಧಾರನನ್ನು’ ಎಂದು. ‘ರಾಮನ ನೋಡಿದೆ’ ಅಂದರೆ ರಾಮನನ್ನು ನೋಡಿದೆ ಅಂತ ಅಲ್ವಾ, ಅದೇ ರೀತಿ.

ಇದು ಗೊತ್ತಾದರೆ ಇಡೀ ಹಾಡಿನ ಕಟ್ಟಡ ಕಾಣುತ್ತದೆ. ಚರಣದಲ್ಲಿ ನೋಡು, ಅಗಣಿತ ಮಹಿಮನ, ಅಣೋರಣೀಯನ, ಪರಮಪುರುಷನ. ಎಲ್ಲವೂ ‘ನ’ದಲ್ಲಿ ನಿಂತಿವೆ, ಎಲ್ಲವೂ ಕ್ರಿಯಾಪದಕ್ಕೆ ಕಾಯುತ್ತಿವೆ. ವೇದಕ್ಕೂ ಸಿಲುಕದವನನ್ನು, ಅಣುವಿಗಿಂತ ಸಣ್ಣವನನ್ನು... ಏನು ಮಾಡಿದಳು? ಆಡಿಸಿದಳು, ಅಷ್ಟೇ. ‘ಅಣೋರಣೀಯ’ ಎಂಬ ಮಾತು ಕಠೋಪನಿಷತ್ತಿನದು. ಪುರಂದರದಾಸರು ಅದನ್ನು ತಂದು ಒಬ್ಬ ಹೆಂಗಸಿನ ತೊಡೆಯ ಮೇಲೆ ಕೂರಿಸಿಬಿಟ್ಟಿದ್ದಾರೆ. ಹಾಡಿನ ತಮಾಷೆ, ಹಾಡಿನ ಭಕ್ತಿ ಎರಡೂ ಅಲ್ಲೇ ಇದೆ. ಹೋದ ವರ್ಷ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಸಮಯವಿಲ್ಲ ಎಂದು ನನ್ನ ವಿದ್ಯಾರ್ಥಿನಿಯನ್ನು ‘ಅಗಣಿತ ಮಹಿಮನ’ ಅನ್ನುವಷ್ಟರಲ್ಲಿ ಇಳಿಸಿಬಿಟ್ಟರು. ಚಪ್ಪಾಳೆ ಬಿತ್ತು. ವಾಕ್ಯ ಮುಗಿದಿಲ್ಲ ಅಂತ ಆ ಹುಡುಗಿಗೆ ಮಾತ್ರ ಗೊತ್ತಿತ್ತು. ಕೆಳಗೆ ಬಂದವಳು ನನ್ನ ಕಿವಿಯಲ್ಲಿ "ಆಡಿಸಿದಳೆಶೋದೆ" ಎಂದು ಹಾಡಿ ಮುಗಿಸಿ ಓಡಿಹೋದಳು.

ಹಾಗಾದರೆ ಪುಟ್ಟಿ ಉಸಿರು ಎಲ್ಲಿ ತೆಗೆಯಬೇಕು? ‘ಜಗದೋದ್ಧಾರನ’ ಆದ ಮೇಲೆ. ‘ಆಡಿಸಿದಳೆಶೋದೆ’ ಒಂದೇ ಉಸಿರು. ಅವಳದು ಸಣ್ಣ ಎದೆ, ಉದ್ದವಾಯಿತು ಅನ್ನಿಸಿದರೆ ಕಾಲ ಸ್ವಲ್ಪ ಚುರುಕು ಮಾಡಿಸು. ‘ಳೆ’ಯನ್ನು ಎಳೆಯಬಹುದು, ಅಲ್ಲಿ ಸಂಗತಿಯನ್ನೂ ಹಾಕಬಹುದು. ಆದರೆ ದನಿ ಕಡಿಯದೆ ‘ಶೋ’ಗೆ ಹೋಗಬೇಕು. ಎಳೆದರೆ ಪದ ಉಳಿಯುತ್ತದೆ, ಕಡಿದರೆ ಹೋಗುತ್ತದೆ.

ತಾಳದ ಕಡೆಯಿಂದಲೂ ಇದೇ ತೊಂದರೆ ಬರುತ್ತದೆ. ಅವಳು ಮಲಹರಿಯಲ್ಲಿ ‘ಕೆರೆಯ ನೀರನು’ ಗೀತೆ ಕಲಿತಿದ್ದಾಳಲ್ಲ, ಅದನ್ನು ಹಾಡಿಸಿ ನೋಡು. ತ್ರಿಪುಟ ತಾಳ, ಮೂರು ಎರಡು ಎರಡು, ಒಟ್ಟು ಏಳು ಎಣಿಕೆ. ಮೊದಲ ಸಾಲು ತಾಳದಲ್ಲಿ ಅಳೆದು ಇಟ್ಟ ಹಾಗೆ ಕೂರುತ್ತದೆ. ‘ಕೆರೆಯ’ ಮೂರಕ್ಕೆ, ‘ನೀರನು’ ನಾಲ್ಕಕ್ಕೆ. ‘ಕೆರೆಗೆ’ ಮೂರಕ್ಕೆ, ‘ಚೆಲ್ಲಿ’ ನಾಲ್ಕಕ್ಕೆ. ಎರಡನೇ ಸಾಲಿಗೆ ಬಂದರೆ ಕತೆ ಬೇರೆ. ‘ವರವ ಪಡೆದವ’ ಎನ್ನುವಷ್ಟಕ್ಕೆ ಏಳು ಮುಗಿಯಿತು. ಮುಂದಿನ ಆವರ್ತದ ಮೊದಲ ಹೊಡೆತ ‘ರಂತೆ’ ಮೇಲೆ ಬೀಳುತ್ತದೆ. ಮಕ್ಕಳು ಮೊದಲ ಹೊಡೆತಕ್ಕೆ ತೊಡೆ ಮೇಲೆ ಪಟ್ಟನೆ ಬಡಿದು ‘ರಂತೆ ಕಾಣಿರೊ’ ಎಂದು ಕೂಗುತ್ತಾರೆ. ರಂತೆ ಅಂದರೇನು ಅಂತ ಕೇಳಿದರೆ ಹಣ್ಣಿನ ಹೆಸರು ಹೇಳಿದ ಮಗುವೂ ಇದೆ ನನ್ನ ಕ್ಲಾಸಿನಲ್ಲಿ! ಪದ ‘ಪಡೆದವರಂತೆ’. ತಾಳ ಪದವನ್ನು ಮಧ್ಯಕ್ಕೆ ಸೀಳಿದಾಗ ಕೈ ತಾಳ ಹಾಕಲಿ, ದನಿ ಮಾತ್ರ ‘ವ’ದಿಂದ ‘ರಂ’ಗೆ ಜಾರಬೇಕು. ‘ಕರುಣದೊಳಾದ’ ಅನ್ನುವಲ್ಲಿಯೂ ಹೀಗೇ ಆಗುತ್ತದೆ. ಅದನ್ನು ಅವಳೇ ಹುಡುಕಲಿ, ನೀನು ಹೇಳಬೇಡ.

ಪುಣೆಯಲ್ಲಿ ಬೆಳೆಯುವ ಹುಡುಗಿಗೆ ಕೆರೆ ಅಂದರೆ ಏನು ಅಂತಲೂ ಹೇಳಬೇಕು. ದೋಣಿ ವಿಹಾರದ ಸರೋವರ ಅಲ್ಲ. ಏರಿ ಕಟ್ಟಿ ಮಳೆಯ ನೀರನ್ನು ನಿಲ್ಲಿಸಿ, ತೂಬಿನಿಂದ ಗದ್ದೆಗೆ ಬಿಡುವುದು. ಆ ನೀರಿನಲ್ಲಿ ನಿಂತು, ಅದನ್ನೇ ಬೊಗಸೆಯಲ್ಲಿ ಎತ್ತಿ, ಅಲ್ಲೇ ಬಿಟ್ಟು ಅರ್ಘ್ಯ ಕೊಟ್ಟೆ ಅನ್ನುತ್ತೇವೆ. ಕೊಟ್ಟವರದು ಏನು ಹೋಯಿತು? ಏನೂ ಇಲ್ಲ. ಆದರೂ ವರ ಪಡೆದವರ ಹಾಗೆ ಇರುತ್ತೇವೆ. ಸ್ನಾನದ ಬಕೆಟ್ಟಿನಲ್ಲಿ ಒಮ್ಮೆ ಮಾಡಿ ತೋರಿಸು, ಸಾಕು. ಅದಕ್ಕಿಂತ ಜಾಸ್ತಿ ತತ್ವ ಹೇಳಲು ಹೋಗಬೇಡ, ಓಡಿಹೋಗುತ್ತಾಳೆ. ‘ಪರವಾಸುದೇವ’ ಅಂದರೇನು ಅನ್ನುವುದು ಈಗ ಬೇಡ. ಕನಕದಾಸರ ಮುಂಡಿಗೆಗಳಂತೂ ದೊಡ್ಡವರಿಗೇ ಒಗಟು. ಎಂಟು ವರ್ಷಕ್ಕೆ ಯಾರು, ಏನು, ಯಾರನ್ನು, ಇಷ್ಟು ತಿಳಿದರೆ ಆಯಿತು.

ಮುಂದೆ ತ್ಯಾಗರಾಜರ ಕೃತಿಗಳು ಬಂದಾಗ ಇದು ಇನ್ನೂ ಬಿಗಿಯಾಗುತ್ತದೆ, ಯಾಕಂದರೆ ತೆಲುಗು ನಮಗೆ ಬರುವುದಿಲ್ಲ. ‘ನಿಧಿ ಚಾಲ ಸುಖಮಾ’ ಎಂಬುದು ಪ್ರಶ್ನೆ. ದುಡ್ಡು ಹೆಚ್ಚು ಸುಖವಾ, ರಾಮನ ಸನ್ನಿಧಿಯ ಸೇವೆ ಸುಖವಾ ಅಂತ. ಆ ಕೊನೆಯ ‘ಮಾ’ ಪ್ರಶ್ನೆಯೆಂದು ತಿಳಿಯದೆ ನಾನು ಎರಡು ವರ್ಷ ಹಾಡಿದ್ದೇನೆ, ದುಡ್ಡೇ ಸುಖ ಎಂದು ಸಾರುವ ಹಾಗೆ. ಪಕ್ಕದ ಮನೆಯ ತೆಲುಗಿನವರು ತಿದ್ದಿದರು. ಆಮೇಲಿಂದ ಪಲ್ಲವಿಯ ಅರ್ಥವಾದರೂ ಕೇಳಿ ತಿಳಿಯದೆ ಯಾವ ಕೃತಿಯನ್ನೂ ಮಕ್ಕಳಿಗೆ ಶುರು ಮಾಡುವುದಿಲ್ಲ.

ಪದ ಕಡಿಯಬಾರದು, ಕಡಿಯಬಾರದು ಎಂದು ಇಷ್ಟುದ್ದ ಬರೆದೆ. ಈಗ ನನ್ನನ್ನೇ ಸುಳ್ಳು ಮಾಡುವ ಹಾಡೊಂದಿದೆ. ಪುರಂದರದಾಸರದೇ, ‘ರಾಗಿ ತಂದಿರಾ’. ದಾಸರು ಮನೆಯ ಮುಂದೆ ನಿಂತು ಭಿಕ್ಷೆಗೆ ರಾಗಿ ತಂದಿರಾ ಎಂದು ಕೇಳುತ್ತಾರೆ. ಮುಂದಕ್ಕೆ ‘ಯೋಗ್ಯರಾಗಿ, ಭೋಗ್ಯರಾಗಿ, ಭಾಗ್ಯವಂತರಾಗಿ’. ಅದು ಯೋಗ್ಯರು ಆಗಿ ಎಂದು. ಆದರೆ ಕಿವಿಗೆ ಬೀಳಬೇಕಾದ್ದು ಯೋಗ್ಯ... ರಾಗಿ. ಅಂದರೆ ಇಲ್ಲಿ ‘ರಾಗಿ’ಯನ್ನು ಸ್ವಲ್ಪ ಎತ್ತಿ ತೋರಿಸಲೇಬೇಕು. ಅಲ್ಲಿ ತಪ್ಪಾದದ್ದು ಇಲ್ಲಿ ಹಾಡಿನ ಜೀವ. ಹಾಗಂತ ಪೂರ್ತಿ ಕಡಿದರೂ ಕೆಟ್ಟಿತು, ಬರೀ ಕಾಳು ಉಳಿಯುತ್ತದೆ, ಆಗುವುದು ಹೋಗುತ್ತದೆ. ಎರಡೂ ಕೇಳಬೇಕು. ಎಷ್ಟು ಎತ್ತಬೇಕು ಎಂದು ಸ್ವರ ಬರೆದ ಯಾವ ಪುಸ್ತಕವೂ ಹೇಳುವುದಿಲ್ಲ. ಹಾಡಿನಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿರುವ ಮಗು ತಾನೇ ಹದ ಹಿಡಿಯುತ್ತದೆ, ಕಣ್ಣು ಮಿಟುಕಿಸಿಕೊಂಡು ಹಾಡುತ್ತದೆ. ನಾನು ನೋಡಿದ್ದೇನೆ.

ಅದನ್ನು ಅವಳಿಗೆ ಮುಂದಿನ ತಿಂಗಳು ನಾನೇ ಹೇಳಿಕೊಡುತ್ತೇನೆ, ನೀನು ಮುಂಚೆಯೇ ಯೂಟ್ಯೂಬಿನಲ್ಲಿ ಹಾಕಿ ಕೆಡಿಸಬೇಡ. ಮೊದಲು ಶೋದೆ ಹೋಗಲಿ.

ನಿಮ್ಮೂರಿಗೆ ಹೊರಟಿರುವ ಎದುರು ಮನೆಯವರ ಕೈಯಲ್ಲಿ ಎರಡು ಕೆಜಿ ಹುರಿಹಿಟ್ಟು ಕೊಟ್ಟಿದ್ದೇನೆ. ಡಬ್ಬದ ಮೇಲೆ ಪುಟ್ಟಿಗೆ ಅಂತ ಬರೆದಿದ್ದೇನೆ. ಏನು ಅಂತ ಕೇಳಿದರೆ ‘ರಾಗಿ’ ಅನ್ನು, ಬೇರೇನೂ ಹೇಳಬೇಡ.

ನಿನ್ನ ಅಮ್ಮ