ಹುಳ ಬಿದ್ದಿದೆ ಅಂತ ಹೇಳು

ಪ್ರೀತಿಯ ಗೆಳೆಯ,

ದೀಪಾವಳಿಗೆ ಊರಿಗೆ ಯಾಕೆ ಹೋಗಲ್ಲ ಅಂತ ನೀನು ಕೇಳಿದಾಗೆಲ್ಲ ರಜೆ ಇಲ್ಲ ಅಂದಿದ್ದೇನೆ. ಅದು ಸುಳ್ಳು. ಫೋನಿನಲ್ಲಿ ಹೇಳೋಕೆ ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಮ್ಮ ನೀರು ಬಗ್ಗಿಸುವುದನ್ನು ನೀನು ನೋಡಿದ್ದೀಯಲ್ಲ. ಚೊಂಬಿನ ಬಾಯಿಯನ್ನು ಲೋಟದ ಅಂಚಿಗೆ ತಾಗಿಸಿ, ತಾಗಿದ ಸದ್ದು ಕೇಳಿದ ಮೇಲೇ ಬಗ್ಗಿಸುತ್ತಾನೆ. ಒಂದೇ ಕಣ್ಣಿರುವವರಿಗೆ ಹತ್ತಿರದ ವಸ್ತು ಎಷ್ಟು ದೂರ ಇದೆ ಅಂತ ಸರಿಯಾಗಿ ಗೊತ್ತಾಗುವುದಿಲ್ಲ, ತಾಗಿಸದೆ ಬಗ್ಗಿಸಿದರೆ ನೀರು ಲೋಟದ ಹೊರಗೆ ಬೀಳುತ್ತದೆ. ಹುಡುಗನಾಗಿದ್ದಾಗ ಊಟದ ಪಂಕ್ತಿಯಲ್ಲಿ ಎಷ್ಟೋ ಸಲ ಹಾಗೆ ಚೆಲ್ಲಿ ಬೈಸಿಕೊಂಡು, ತಾನೇ ಈ ಉಪಾಯ ಕಂಡುಕೊಂಡ. ಆ ಸಣ್ಣ ಟಿಣ್ ಸದ್ದು ಕೇಳಿದರೆ ನನಗೆ ತುತ್ತು ಇಳಿಯುವುದಿಲ್ಲ. ಯಾಕಂದರೆ ಅವನ ಎಡಗಣ್ಣು ಹೋಗಿದ್ದು ನನ್ನಿಂದ.

1998ರ ಡಿಸೆಂಬರ್. ನನಗೆ 13, ಅವನಿಗೆ 8. ಮನೆಯಲ್ಲಿ ಅಡಿಕೆ ಸುಲಿತ ನಡೆದಿತ್ತು, ಅಂಗಳದ ತುಂಬಾ ಜನ. ಸುಲಿಯುವವರ ಎಲೆ ಚೀಲದ ಹತ್ತಿರ ಸುಣ್ಣದ ಪಾಕೆಟ್ ಬಿದ್ದಿತ್ತು, ಎರಡು ಬೆರಳಗಲದ ಪ್ಲಾಸ್ಟಿಕ್ ಪಾಕೆಟ್. ಅದನ್ನು ಎತ್ತಿಕೊಂಡು ಕೊಟ್ಟಿಗೆ ಹಿಂದೆ ಹೋದೆವು. ಮೂಲೆ ಕಚ್ಚಿ ತೂತು ಮಾಡಿ ಗೋಡೆ ಮೇಲೆ ಹೆಸರು ಬರೆದೆ. ಆಮೇಲೆ ಪಿಚಕಾರಿ ಥರ ಅವನ ಕಡೆ ಹಿಡಿದು ಹೆದರಿಸಿದೆ. ಅವನು ನಗುತ್ತಿದ್ದ. ಸುಣ್ಣ ಒಣಗಿ ತೂತು ಕಟ್ಟಿಕೊಂಡಿತ್ತೋ ಏನೋ, ಬರಲಿಲ್ಲ, ಜೋರಾಗಿ ಹಿಂಡಿದೆ. ಪಾಕೆಟ್ ಪಕ್ಕದಲ್ಲಿ ಒಡೆದು ಒಂದು ಮುದ್ದೆ ನೇರವಾಗಿ ಅವನ ಕಣ್ಣಿಗೆ ಹೋಯಿತು.

ಕಿರುಚುವಷ್ಟರಲ್ಲಿ ಬಾಯಿ ಮುಚ್ಚಿದೆ. ಅಪ್ಪಯ್ಯನ ಬೆತ್ತ ನೆನಪಾಯಿತು. ಬಾನಿಯಿಂದ ಒಂದೇ ಒಂದು ಚೊಂಬು ನೀರು ಹಾಕಿ ಅಂಗಿಯ ತುದಿಯಲ್ಲಿ ಒರೆಸಿದೆ. ಹೊರಗೆ ಕಾಣುವ ಬಿಳಿ ಹೋಯಿತು. "ಹುಳ ಬಿದ್ದಿದೆ ಅಂತ ಹೇಳು, ಸುಣ್ಣ ಅಂದರೆ ಇಬ್ಬರಿಗೂ ಹೊಡೆತ ಬೀಳುತ್ತದೆ" ಅಂದೆ. ಅವನು ಹಾಗೇ ಹೇಳಿದ.

ಹುಳಕ್ಕೆ ಏನು ಮಾಡುತ್ತಾರೋ ಅಮ್ಮ ಅದನ್ನೇ ಮಾಡಿದಳು. ಸೆರಗಿನ ಶಾಖ ಕೊಟ್ಟಳು, ಒಂದು ಹನಿ ಹರಳೆಣ್ಣೆ ಬಿಟ್ಟಳು, ಮಲಗು ಅಂದಳು. ಮಾರನೇ ದಿನ ಬೆಳಿಗ್ಗೆ ರೆಪ್ಪೆ ಊದಿ ಕಣ್ಣೇ ಕಾಣುತ್ತಿರಲಿಲ್ಲ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಮೇಲಿನ ರೆಪ್ಪೆ ಮಗುಚಿ ನೋಡಿದರೆ ಒಳಗೆ ಇನ್ನೂ ಸುಣ್ಣದ ಚೂರುಗಳು ಅಂಟಿಕೊಂಡಿದ್ದವು. ರಾತ್ರಿಯಿಡೀ ಅವು ಅಲ್ಲೇ ಕೂತು ಸುಡುತ್ತಿದ್ದವು. ಯಾರು ಹಾಕಿದ್ದು ಅಂತ ಅಪ್ಪಯ್ಯ ಕೇಳಿದರೆ, ಆ ಎಂಟು ವರ್ಷದ ಹುಡುಗ, "ನಾನೇ ಆಟ ಆಡ್ತಿದ್ದೆ" ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ.

ಸುಣ್ಣ ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಅಂತ ಈಗ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಯಾವ ನೀರು ಕೈಗೆ ಸಿಗುತ್ತದೋ ಆ ಚೊಕ್ಕ ನೀರನ್ನು ಆ ಕ್ಷಣವೇ ಹಾಕಬೇಕು, ಕಣ್ಣು ಬಿಡಿಸಿ ಹಿಡಿದು ಕಡಿಮೆ ಅಂದರೂ ಅರ್ಧ ಗಂಟೆ ನಿಲ್ಲಿಸದೆ ಹಾಕಬೇಕು. ಉಜ್ಜಬಾರದು, ಎಣ್ಣೆ ಬಿಡಬಾರದು. ತೊಳೆದ ಮೇಲೆ ನೋವು ಕಡಿಮೆ ಆದರೂ ಕೂಡಲೇ ಕಣ್ಣಿನ ಡಾಕ್ಟರ ಹತ್ತಿರ ಓಡಬೇಕು, ರೆಪ್ಪೆ ಒಳಗಿನ ಚೂರನ್ನು ಅವರೇ ತೆಗೆಯಬೇಕು. ಸುಣ್ಣ ಆಸಿಡ್‌ಗಿಂತ ಮೋಸದ್ದು, ಆಳಕ್ಕೆ ಇಳಿಯುತ್ತಾ ಹೋಗುತ್ತದೆ. ಕಣ್ಣಿನ ಕಪ್ಪು ಬಿಳುಪು ಸೇರುವ ಅಂಚಿನಲ್ಲಿ ಕಾರ್ನಿಯಾ ಅನ್ನುವ ಕಣ್ಣಿನ ಮುಂದಿನ ಗಾಜಿನಂಥ ಪರೆಯ ಮೇಲ್ಪದರವನ್ನು ಹೊಸದು ಮಾಡುತ್ತಾ ಇರುವ ಜೀವಕೋಶಗಳಿವೆಯಂತೆ. ತಮ್ಮನಿಗೆ ಸುಟ್ಟಿದ್ದು ಅವೇ. ಅವು ಇಲ್ಲದೆ ಬೇರೆಯವರ ಕಾರ್ನಿಯಾ ತಂದು ಹೊಲಿದರೂ ನಿಲ್ಲುವುದಿಲ್ಲ.

2016ರಲ್ಲಿ ಅವನನ್ನು ಹೈದರಾಬಾದಿಗೆ ಕರೆದುಕೊಂಡು ಹೋದೆ. ಚೆನ್ನಾಗಿರುವ ಕಣ್ಣಿನ ಅಂಚಿನಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರು ತೆಗೆದು, ಅದನ್ನು ಸಣ್ಣಸಣ್ಣದಾಗಿ ಕತ್ತರಿಸಿ ಕೆಟ್ಟ ಕಣ್ಣಿನ ಮೇಲೆ ನೆಡುವ ಆಪರೇಷನ್ ಅಲ್ಲಿ ಮಾಡುತ್ತಾರೆ. ಇರುವ ಒಂದು ಕಣ್ಣನ್ನೂ ಮುಟ್ಟಬೇಕಲ್ಲ ಅಂತ ನನಗೆ ಕೈಕಾಲು ಆಡಲಿಲ್ಲ. ನನ್ನ ಕಣ್ಣಿನಿಂದ ತಗೊಳ್ಳಿ ಅಂದೆ. ಡಾಕ್ಟರು ಸಮಾಧಾನವಾಗಿ ಹೇಳಿದರು: ಒಡಹುಟ್ಟಿದವರದಾದರೂ ಅದು ಬೇರೆ ದೇಹದ್ದೇ, ಅದನ್ನು ಉಳಿಸಿಕೊಳ್ಳೋಕೆ ಗಟ್ಟಿ ಮಾತ್ರೆಗಳನ್ನು ಬಹಳ ಕಾಲ ನುಂಗಬೇಕು, ಅವನದೇ ಒಳ್ಳೆಯದು. ಕೊಡಬೇಕು ಅಂದರೂ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಆಪರೇಷನ್ ಆದ ಮೇಲೆ ಕಣ್ಣು ಕೆಂಪಾಗಿ ಸುರಿಯುವುದು ನಿಂತಿತು, ಉರಿ ಹೋಯಿತು. ದೃಷ್ಟಿ ಹೆಚ್ಚು ಬರಲಿಲ್ಲ, ಒಳಗಿನ ಕಲೆ ಆಳದ್ದು.

ಅಲ್ಲೇ ಡಾಕ್ಟರನ್ನು ಒಂಟಿಯಾಗಿ ಹಿಡಿದು ಕೇಳಿದೆ, ಅವತ್ತೇ ಸರಿಯಾಗಿ ತೊಳೆದಿದ್ದರೆ ಉಳಿಯುತ್ತಿತ್ತಾ ಅಂತ. ಇಷ್ಟು ಹಾನಿ ಆಗುತ್ತಿರಲಿಲ್ಲ, ಆದರೆ ಎಷ್ಟು ಉಳಿಯುತ್ತಿತ್ತು ಅಂತ ಹೇಳೋಕಾಗಲ್ಲ, ಬಿದ್ದ ಕೂಡಲೇ ಎಷ್ಟು ಒಳಗೆ ಹೋಗಿತ್ತೋ ಯಾರಿಗೆ ಗೊತ್ತು, ಅಂದರು. ನಿನ್ನದೇ ತಪ್ಪು ಅಂದಿದ್ದರೂ ಸಾಕಿತ್ತು, ಅಲ್ಲ ಅಂದಿದ್ದರೂ ಸಾಕಿತ್ತು. ಎರಡೂ ಸಿಗಲಿಲ್ಲ.

ಕೇಳು, ಪಾಕೆಟ್ ಹಿಂಡಿದ ಆ ಹುಡುಗನನ್ನು ನಾನು ಯಾವತ್ತೋ ಕ್ಷಮಿಸಿ ಬಿಟ್ಟಿದ್ದೇನೆ. ಅದು ಆಟ. ಸುಳ್ಳು ಹೇಳಿಸಿದ ಹುಡುಗನನ್ನೂ ಕಷ್ಟಪಟ್ಟು ಬಿಡಬಲ್ಲೆ, ಅವನಿಗೆ ಗೊತ್ತಿದ್ದದ್ದು ಬೆತ್ತ ಒಂದೇ, ರೆಪ್ಪೆ ಒಳಗಿನ ಚೂರು ಗೊತ್ತಿರಲಿಲ್ಲ. ನನಗೆ ಬಿಡೋಕಾಗದೇ ಇರುವುದು ಆಮೇಲಿನವನನ್ನು. 22ಕ್ಕೆ ಕೆಲಸ ಸಿಕ್ಕಿತು, 30ಕ್ಕೆ ಮದುವೆ ಆಯಿತು, ಅಪ್ಪಯ್ಯ ಬೆತ್ತ ಮುಟ್ಟುವುದಿರಲಿ, ಊರುಗೋಲು ಹಿಡಿದು ನಡೆಯುತ್ತಿದ್ದರು, ಆಗಲೂ ಬಾಯಿ ಬಿಡಲಿಲ್ಲ. ಅಪ್ಪಯ್ಯ ಕೊನೆತನಕ ತಮ್ಮನನ್ನೇ "ನಿನ್ನ ಹುಡುಗಾಟಕ್ಕೆ ಕಣ್ಣು ಕಳಕೊಂಡೆ" ಅನ್ನುತ್ತಿದ್ದರು. ಅವರು ಹೋಗಿ ಮೂರು ವರ್ಷ ಆಯಿತು. ಆ ಮಾತನ್ನು ತಿದ್ದೋಕೆ ಇನ್ನು ದಾರಿಯೇ ಇಲ್ಲ.

ಅಮ್ಮನಿಗೆ ಹೋದ ವರ್ಷ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ತುಂಬಾ ಹೊತ್ತು ಸುಮ್ನೆ ಕೂತಿದ್ದು, "ಸುಣ್ಣ ಅಂತ ಗೊತ್ತಿದ್ದರೆ ನಾನು ಹರಳೆಣ್ಣೆ ಬಿಡ್ತಿರಲಿಲ್ಲ ಮಗಾ" ಅಂದಳು. ಇಷ್ಟು ವರ್ಷ ಅವಳು ಆ ಒಂದು ಹನಿ ಎಣ್ಣೆಯನ್ನು ಹೊತ್ತುಕೊಂಡಿದ್ದಳು ಮಾರಾಯ. ನನ್ನ ಸುಳ್ಳು ಅವಳ ತಲೆ ಮೇಲೂ ಕೂತಿತ್ತು, ನನಗೆ ಅದು ಹೊಳೆದೇ ಇರಲಿಲ್ಲ.

ತಮ್ಮನ ಹತ್ತಿರ ಮಾತ್ರ ಎಷ್ಟು ಸಲ ಕ್ಷಮೆ ಕೇಳಿದ್ದೇನೋ ಲೆಕ್ಕವಿಲ್ಲ. ಹೋದ ಸಲ ಫೋನಿನಲ್ಲಿ ಮತ್ತೆ ಶುರು ಮಾಡಿದೆ. ಅವನು ತಡೆದ. "ಅಣ್ಣಯ್ಯ, ನೀನು ಪ್ರತಿ ಸಲ ಅತ್ತಾಗಲೂ ನಾನೇ ನಿನ್ನ ಸಮಾಧಾನ ಮಾಡಬೇಕು. ಕಣ್ಣು ಹೋಗಿದ್ದು ನನ್ನದು. ನನಗೆ ಸುಸ್ತಾಗಿದೆ." ಸಿಟ್ಟಿನಲ್ಲಿ ಹೇಳಲಿಲ್ಲ. ಅದಕ್ಕೇ ಜಾಸ್ತಿ ನಾಟಿತು.

ಅವತ್ತಿನಿಂದ ಕೇಳುವುದು ಬಿಟ್ಟಿದ್ದೇನೆ. ಒಂದು ಕೆಲಸ ಬಾಕಿ ಇದೆ. ಅಪ್ಪಯ್ಯನ ಆ ಮಾತು ಕೇಳಿಕೊಂಡೇ ಬಂದ ಚಿಕ್ಕಪ್ಪ, ಅತ್ತೆ, ಎಲ್ಲರೂ ಇದ್ದಾರೆ. ತಮ್ಮ ಈಗಲೂ ಅವರ ಬಾಯಲ್ಲಿ ಹುಡುಗಾಟದವನೇ. ಅವರ ಮುಂದೆ ನಿಜ ಹೇಳಲಾ ಅಂತ ತಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಹೇಳು, ಆದರೆ ಅಳಬೇಡ" ಅಂದ.

ಈ ಶುಕ್ರವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ನಿನಗೆ ಬಿಡುವಿದ್ದರೆ ಬಸ್ ಹೊರಡುವ ತನಕ ಜೊತೆಗಿರು. ಮಾತು ಬೇಡ, ಸುಮ್ನೆ ಪಕ್ಕದಲ್ಲಿ ನಿಂತಿದ್ದರೆ ಸಾಕು.

ನಿನ್ನವ